ದೂರವಾಣಿಯ ಮಾತು, ಅರ್ಧ ಹಾಳೆಯ ಚೀಟಿ

ಮಕ್ಕಳನ್ನು ಶಾಲೆಗೆ ಸೇರಿಸುವ ಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದು ಬಗೆಯ ಗಡಿಬಿಡಿ ಆರಂಭವಾಗುತ್ತದೆ. ಮನೆಯವರಲ್ಲಿ ಒಬ್ಬರು ಶಾಲೆಯ ಕಚೇರಿಗೆ ದೂರವಾಣಿ ಮಾಡುತ್ತಾರೆ, ಐದೋ ಹತ್ತೋ ನಿಮಿಷ ಮಾತನಾಡುತ್ತಾರೆ, ಅನಂತರ ಉಳಿದವರಿಗೆ ಬಾಯಿಮಾತಿನಲ್ಲಿ ಹೇಳುತ್ತಾರೆ. ಹೇಳಿದುದನ್ನು ಕೇಳಿ ಅಜ್ಜನವರು ಹಣದ ಲೆಕ್ಕ ಹಾಕುತ್ತಾರೆ, ತಾಯಿ ಕಾಗದಪತ್ರ ಹುಡುಕುತ್ತಾಳೆ, ಇನ್ನೊಬ್ಬರು ದಿನ ಎಣಿಸುತ್ತಾರೆ. ಮೂವರ ಕೆಲಸವೂ ಆ ಒಬ್ಬರ ನೆನಪಿನ ಮೇಲೆ ನಿಂತಿರುತ್ತದೆ. ಆ ನೆನಪು ಎಷ್ಟು ಜಾರುವಂಥದ್ದೆಂಬುದನ್ನು ನಾವು 2025ರ ಶಿವರಾತ್ರಿಯ ಮರುದಿನಗಳಲ್ಲಿ ನಮ್ಮ ಬೀಗರ ಮನೆಯಲ್ಲಿ ಕಣ್ಣಾರೆ ಕಂಡೆವು. ಅದನ್ನೇ ಈ ತಿಂಗಳು ವಾಚಕರ ಮುಂದಿಡುತ್ತಿದ್ದೇವೆ.

ಬೀಗರದು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿಯ ಒಕ್ಕಲುತನದ ಮನೆತನ. ಅವರ ಮೊಮ್ಮಗಳು ಊರಿನಲ್ಲಿಯೇ ಯುಕೆಜಿ ಮುಗಿಸುತ್ತಿದ್ದಳು. ಆಕೆಯನ್ನು ಹತ್ತಿರದ ಪಟ್ಟಣದ ಒಂದು ಖಾಸಗಿ ಶಾಲೆಯ ಒಂದನೆಯ ತರಗತಿಗೆ ಸೇರಿಸಬೇಕೆಂದು ಮನೆಯವರ ವಿಚಾರ. ಮಗುವಿನ ತಂದೆ ಹೊಲದಲ್ಲಿ ಟ್ರ್ಯಾಕ್ಟರಿನ ಮೇಲೆ ಕುಳಿತೇ ಜಂಗಮವಾಣಿಯಿಂದ ಶಾಲೆಯ ಕಚೇರಿಗೆ ಕೇಳಿದ್ದರು. ರಾತ್ರಿ ಪ್ರಸಾದಕ್ಕೆ ಕುಳಿತಾಗ ಅವರು ಹೇಳಿದ್ದು ಇಷ್ಟು: "ಆರು ವರ್ಷ ಆಗಿರಬೇಕಂತ. ಮೂವತ್ತೆರಡು ಸಾವಿರ ಆಗತದಂತ. ಉಗಾದಿ ಮುಂದ ಫಾರ್ಮ್ ಕೊಡಬೇಕಂತ. ಕಾಗದ ಎಲ್ಲಾ ತರಬೇಕಂತ."

ನಾಲ್ಕೇ ವಾಕ್ಯ. ಆದರೆ ಕೇಳಿದವರು ಒಬ್ಬೊಬ್ಬರು ಒಂದೊಂದು ರೀತಿ ತಿಳಿದರು. ಅಜ್ಜಿ, "ಹುಡುಗಿಗೆ ಆರನೇದ್ದು ನಡದದ, ಆತಲ್ಲ" ಎಂದರು. ಅಜ್ಜನವರು ಮೂವತ್ತೆರಡು ಸಾವಿರವನ್ನು ಒಮ್ಮೆಗೇ ಕಟ್ಟಬೇಕೆಂದು ತಿಳಿದು, ಅಡತಿ ಅಂಗಡಿಯಿಂದ ಮುಂಗಡ ತರುವುದೋ ಕಣದಲ್ಲಿಯ ಕಡಲೆಯನ್ನು ದರ ಬರುವ ಮೊದಲೇ ಮಾರುವುದೋ ಎಂದು ಚಿಂತಿಸತೊಡಗಿದರು. ಮಗುವಿನ ತಂದೆ "ಉಗಾದಿ ಮುಂದ" ಎಂಬುದನ್ನು ಹಬ್ಬ ಮುಗಿದ ಮುಂದಿನ ದಿನಗಳೆಂದು ತಿಳಿದಿದ್ದರು. ನಮ್ಮ ಕಡೆಯ ಆಡುಮಾತಿನಲ್ಲಿ "ಹಬ್ಬದ ಮುಂದ" ಎಂದರೆ ಹಬ್ಬಕ್ಕೆ ಮೊದಲಿನ ದಿನಗಳು ಎಂದೇ ಹೆಚ್ಚಾಗಿ ಅರ್ಥ. ಕಚೇರಿಯ ಗುಮಾಸ್ತರು ಯಾವ ಅರ್ಥದಲ್ಲಿ ನುಡಿದರೋ ಯಾರಿಗೂ ತಿಳಿಯದು. ಸೊಸೆಯಾದವಳು ಮಾತ್ರ ಸುಮ್ಮನೆ ಕುಳಿತಿದ್ದಳು. ಆಕೆಯ ಮನಸ್ಸಿನಲ್ಲಿ ಬೇರೊಂದು ಕೊರಗಿತ್ತು. ಅದು ಮುಂದೆ ಬರುತ್ತದೆ.

ಮರುದಿನ, ಫೆಬ್ರವರಿ 28ರ ಶುಕ್ರವಾರ, ಇಷ್ಟಲಿಂಗ ಪೂಜೆ ಮುಗಿದ ಮೇಲೆ ನಾವು ಸೊಸೆಯನ್ನು ಕರೆದು, "ತಂಗಿ, ಇನ್ನೊಮ್ಮೆ ನೀನೇ ಕೇಳು. ಒಳಗಿನ ಕೋಣೆಯಲ್ಲಿ ಕುಳಿತು, ಮುಂದೆ ಹಾಳೆ ಇಟ್ಟುಕೊಂಡು ಕೇಳು" ಎಂದೆವು. ಆಕೆ ಬಿ.ಎ. ಓದಿದವಳು, ಅಕ್ಷರ ಮುತ್ತಿನಂತೆ ಬರೆಯುತ್ತಾಳೆ. ಬರೆಯುವಾಗ ವಿಂಗಡಿಸಲು ಹೋಗಬೇಡ, ಅವರು ಯಾವ ಶಬ್ದ ಬಳಸಿದರೋ ಅದೇ ಶಬ್ದ ಬರೆ, ವಿಂಗಡಣೆ ಆಮೇಲೆ ಎಂದು ಅಷ್ಟೇ ಹೇಳಿದೆವು. ಮಾತನಾಡುತ್ತಲೇ ಇದು ಶುಲ್ಕ, ಇದು ದಿನಾಂಕ ಎಂದು ಬೇರೆ ಬೇರೆ ಕಡೆ ಬರೆಯಲು ಹೊರಟವರಿಗೆ ಅರ್ಧ ಮಾತು ತಪ್ಪಿಹೋಗುತ್ತದೆ. ಕಚೇರಿಯವರು ಶುಲ್ಕ ಹೇಳುತ್ತ ನಡುವೆ ವಾಹನದ ಮಾತು ತೆಗೆಯುತ್ತಾರೆ, ವಾಹನದ ನಡುವೆ ಜೂನ್ ತಿಂಗಳಿನ ಮಾತು ಬರುತ್ತದೆ. ಅವರದು ನಿತ್ಯದ ಕೆಲಸ, ಅದರ ಓಟಕ್ಕೆ ನಮ್ಮ ಲೇಖನಿ ಸುಮ್ಮನೆ ಹಿಂಬಾಲಿಸಬೇಕು.

ಹನ್ನೆರಡು ನಿಮಿಷಗಳ ಮಾತು ಒಂದೂವರೆ ಪುಟವಾಯಿತು. ದೂರವಾಣಿ ಇಡುವ ಮುನ್ನ ಆಕೆ ನಾವು ಹೇಳಿಕೊಟ್ಟಂತೆ, "ಸರ್, ನಾ ಬರಕೊಂಡಿದ್ದು ಒಮ್ಮಿ ಓದತೇನ್ರಿ, ತಪ್ಪಿದ್ರ ಹೇಳ್ರಿ" ಎಂದು ಓದಿದಳು. ಈ ಓದಿ ಹೇಳುವುದರಲ್ಲಿಯೇ ಎರಡು ತಪ್ಪು ಸಿಕ್ಕವು. "ಉಗಾದಿ ಮುಂದ" ಎಂದು ಓದಿದಾಗ ಗುಮಾಸ್ತರು, "ಇಪ್ಪತ್ತೊಂಬತ್ತನೇ ತಾರೀಖ ಶನಿವಾರ, ಒಂದು ಗಂಟೆ ಒಳಗ್ರಿ. ಶನಿವಾರ ಆಫೀಸು ಒಂದೇ ಹೊತ್ತು" ಎಂದರು. ಆ ವರ್ಷ ಯುಗಾದಿ ಮಾರ್ಚ್ 30ರ ಭಾನುವಾರ. ಮಗುವಿನ ತಂದೆ ಹಬ್ಬದ ಬೇವುಬೆಲ್ಲ ಮುಗಿಸಿ ನಿರಾಳವಾಗಿ ಹೋಗಿದ್ದರೆ ಕಚೇರಿಯ ಬಾಗಿಲಲ್ಲಿ ನಿಂತು ಮರಳಬೇಕಾಗುತ್ತಿತ್ತು. ಮೂವತ್ತೆರಡು ಸಾವಿರವೆಂಬುದು ವರ್ಷದ ಬೋಧನಾ ಶುಲ್ಕ ಮಾತ್ರ, ಅದೂ ಎರಡು ಕಂತು ಎಂಬುದೂ ಆಗಲೇ ತಿಳಿಯಿತು.

ಅನಂತರ ನಾವಿಬ್ಬರೂ ಕುಳಿತು ಆ ಒಂದೂವರೆ ಪುಟವನ್ನು ಅರ್ಧ ಹಾಳೆಗೆ ಇಳಿಸಿದೆವು. ಅರ್ಹತೆ, ಶುಲ್ಕ, ದಿನಾಂಕ, ನಮೂನೆ ಎಂಬ ನಾಲ್ಕು ತಲೆಬರಹ. ಯಾವುದಕ್ಕೂ ಸೇರದ ಮಾತು, ಅಂದರೆ ಶಾಲೆಯ ಮೈದಾನ ದೊಡ್ಡದು, ಕಳೆದ ವರ್ಷ ಫಲಿತಾಂಶ ಒಳ್ಳೆಯದು ಎಂಬಂಥವು, ಚೀಟಿಗೆ ಬೇಡ. ಅವು ಸುಳ್ಳೆಂದಲ್ಲ, ಆದರೆ ಮನೆಯವರು ಮಾಡಬೇಕಾದ ಯಾವ ಕೆಲಸವೂ ಅವುಗಳಿಂದ ಹುಟ್ಟುವುದಿಲ್ಲ. ಉತ್ತರ ಸಿಗದ ಪ್ರಶ್ನೆಗಳಿಗೆ ಕೆಳಗೆ ಒಂದು ಗೆರೆ ಎಳೆದು ಜಾಗ ಬಿಟ್ಟೆವು. ಈ ಗೆರೆಯ ಕೆಳಗಿನ ಜಾಗವೇ ಚೀಟಿಯ ಅತ್ಯಂತ ಬೆಲೆಯುಳ್ಳ ಭಾಗವೆಂದು ನಮ್ಮ ಅನುಭವ. ತಿಳಿಯದುದನ್ನು ಊಹಿಸಿ ಮೇಲಿನ ಸಾಲುಗಳಲ್ಲಿ ತುಂಬಿದರೆ ಅದು ನಾಳೆ ತಿಳಿದ ಮಾತಿನಂತೆಯೇ ಕಾಣತೊಡಗುತ್ತದೆ.

ಅರ್ಹತೆಯ ಮಾತು ಮೊದಲು. ಒಂದನೆಯ ತರಗತಿಗೆ ಸೇರುವ ಮಗುವಿಗೆ ಆ ಶೈಕ್ಷಣಿಕ ವರ್ಷದ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರವು 2022ರ ಜುಲೈನಲ್ಲಿ ಆದೇಶ ಹೊರಡಿಸಿ, ಪಾಲಕರ ಅಡಚಣೆಯನ್ನು ನೋಡಿ ಅದನ್ನು 2025-26ರಿಂದ ಜಾರಿಗೆ ತರುವುದಾಗಿ ಹೇಳಿತ್ತು. "ಆರು ತುಂಬಿರಬೇಕು" ಎಂಬುದಕ್ಕೂ "ಆರನೆಯದು ನಡೆದಿದೆ" ಎಂಬುದಕ್ಕೂ ಒಂದು ವರ್ಷದ ಅಂತರ. ನಮ್ಮ ಹಿರಿಯರು ನಡೆಯುತ್ತಿರುವ ವರ್ಷವನ್ನು ಎಣಿಸುತ್ತಾರೆ. ಸರ್ಕಾರ ಮುಗಿದ ವರ್ಷವನ್ನು ಎಣಿಸುತ್ತದೆ. ಆದುದರಿಂದ ಚೀಟಿಯಲ್ಲಿ "ಆರು ವರ್ಷ" ಎಂದು ಬರೆದರೆ ಸಾಲದು, ಮಗುವಿನ ವಯಸ್ಸನ್ನು ಆ ದಿನಕ್ಕೆ ಲೆಕ್ಕ ಹಾಕಿ ಬರೆಯಬೇಕು. ಮಗುವಿನ ಜನನ ಪ್ರಮಾಣಪತ್ರದಲ್ಲಿದ್ದುದು 14-7-2019. 2025ರ ಮೇ 14ಕ್ಕೆ ಐದು ವರ್ಷ ಹತ್ತು ತಿಂಗಳು, ಅಲ್ಲಿಂದ ಜೂನ್ 1ಕ್ಕೆ ಹದಿನೆಂಟು ದಿನ. ಐದು ವರ್ಷ, ಹತ್ತು ತಿಂಗಳು, ಹದಿನೆಂಟು ದಿನ. ಒಂದೂವರೆ ತಿಂಗಳಿಗೂ ಕಡಿಮೆ ಅಂತರದಲ್ಲಿ ಮಗು ಹೊರಗುಳಿಯಿತು.

ಸೊಸೆಯ ಕೊರಗು ಇಲ್ಲಿಯೇ ಇತ್ತು. ಮಗುವಿನ ಆಧಾರ್ ಚೀಟಿಯಲ್ಲಿ ತಿಂಗಳು ತಪ್ಪಿ 14-5-2019 ಎಂದು ಮುದ್ರಿತವಾಗಿತ್ತು. ಆ ದಿನಾಂಕ ಹಿಡಿದರೆ ಜೂನ್ 1ಕ್ಕೆ ಆರು ವರ್ಷ ಹದಿನೆಂಟು ದಿನ, ಸರಿಯಾಗಿ ಒಳಗೆ! ಮನೆಗೆ ಬಂದಿದ್ದ ನೆಂಟರೊಬ್ಬರು, "ಆಧಾರನ್ನೇ ಕೊಟ್ಟುಬಿಡ್ರಿ, ಜನ್ಮಪತ್ರ ಕಳದೈತಿ ಅನ್ರಿ" ಎಂದು ಸಲಹೆ ಕೊಟ್ಟೂ ಆಗಿತ್ತು. ಅಜ್ಜನವರು ಅರೆಮನಸ್ಸಿನಿಂದ ನಮ್ಮ ಮುಖ ನೋಡಿದರು. ಸೊಸೆಯೇ ಉತ್ತರ ಕೊಟ್ಟಳು: "ಮಾವನೋರ, ಹತ್ತನೇತ್ತೆ ಮಾರ್ಕ್ಸ್ ಕಾರ್ಡಿನಾಗೂ ಅದೇ ತಾರೀಖು ಬರತದ್ರಿ. ಆಕಿ ಹುಟ್ಟಿದ್ದು ನಾಗರ ಪಂಚಮಿ ಸಮೀಪ, ಇಡೀ ಊರಿಗೆ ಗೊತ್ತದ."

ಇದನ್ನು ಕೇವಲ ನೀತಿಯ ಮಾತೆಂದು ವಾಚಕರು ತಿಳಿಯಬಾರದು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮೊದಲ ದಿನ ಬರೆದ ಹೆಸರು, ಜನ್ಮದಿನ ಮತ್ತು ಜಾತಿ ಮುಂದಿನ ಎಲ್ಲ ಕಾಗದಗಳಿಗೆ ತಾಯಿಬೇರು. ವರ್ಗಾವಣೆ ಪತ್ರ, ಹತ್ತನೆಯ ತರಗತಿಯ ಅಂಕಪಟ್ಟಿ, ನೌಕರಿಯ ಅರ್ಜಿ ಎಲ್ಲವೂ ಅಲ್ಲಿಂದಲೇ ಹೊರಡುತ್ತವೆ. ಅದರ ಪಕ್ಕದಲ್ಲಿ ಜನನ ಪ್ರಮಾಣಪತ್ರ ಬೇರೆ ದಿನ ಹೇಳುತ್ತಿದ್ದರೆ ಇಪ್ಪತ್ತು ವರ್ಷಗಳ ನಂತರ ಯಾವುದೋ ಕಚೇರಿಯಲ್ಲಿ ಆ ಹುಡುಗಿಯೇ ಉತ್ತರಿಸಬೇಕಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 14ನೆಯ ಪ್ರಕರಣವು ವಯಸ್ಸನ್ನು ನಿರ್ಧರಿಸಲು ಜನನ ಪ್ರಮಾಣಪತ್ರವನ್ನೇ ಮೊದಲು ಹೇಳುತ್ತದೆ. ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸಬಾರದೆಂಬ ಮಾತೂ ಅದೇ ಪ್ರಕರಣದಲ್ಲಿದೆ. ಅದು ನಿಜವಾಗಿಯೂ ಕಾಗದವಿಲ್ಲದ ಬಡ ಮಗುವಿಗಾಗಿ ಇರುವ ಆಸರೆ, ಪೆಟ್ಟಿಗೆಯಲ್ಲಿ ಕಾಗದ ಇಟ್ಟುಕೊಂಡವರಿಗಲ್ಲ. ಚೀಟಿಯಲ್ಲಿ ನಾವು ಬರೆದದ್ದು: "ಜನ್ಮದಿನ 14-7-2019. ಆಧಾರ್ ತಿದ್ದಿಸಬೇಕು." ಐದು ವರ್ಷ ದಾಟಿದ ಮಕ್ಕಳ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಆಧಾರ್ ಕೇಂದ್ರದಲ್ಲಿ ಹೇಗೂ ಕೊಡಬೇಕಾಗಿರುವುದರಿಂದ ಎರಡೂ ಕೆಲಸ ಒಂದೇ ಸಲಕ್ಕೆ ಆಗುವಂತಿತ್ತು. ಆಧಾರಿನಲ್ಲಿ ಜನ್ಮದಿನವನ್ನು ಸಾಮಾನ್ಯವಾಗಿ ಒಂದೇ ಸಲ ತಿದ್ದಲು ಅವಕಾಶವಿರುವುದು. ಆದುದರಿಂದ ಮೂಲ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದೇ ಹೋಗಬೇಕು.

ಒಂದನೆಯ ತರಗತಿಗೆ ವಯಸ್ಸು ಸಾಲದೆಂದಾಗ ಗುಮಾಸ್ತರು ಯುಕೆಜಿಗೆ ಅರ್ಜಿ ಕೊಡುವಂತೆ ಸೂಚಿಸಿದ್ದರು. ಅದನ್ನೂ ಬರೆದು, ಆ ಸಾಲಿನ ಬದಿಗೆ "28-2-2025ರಂದು ಕಚೇರಿ ಹೇಳಿದ್ದು. ನಿಯಮ ಬದಲಾದೀತೆ? ಏಪ್ರಿಲ್‌ನಲ್ಲಿ ಮತ್ತೆ ಕೇಳಬೇಕು" ಎಂದು ಸೊಸೆ ತಾನಾಗಿಯೇ ಸೇರಿಸಿದಳು. ಯಾವ ದಿನ, ಯಾರು ಹೇಳಿದ್ದು ಎಂಬ ಆ ಚಿಕ್ಕ ಗುರುತು ಮುಂದೆ ಏನು ಮಾಡಿತೆಂಬುದನ್ನು ಹೇಳುತ್ತೇವೆ.

ಇನ್ನು ಶುಲ್ಕ. ಇಲ್ಲಿ ಮನೆಯವರಿಗೆ ಒಂದು ಮೊತ್ತವಲ್ಲ, ಎರಡು ಮೊತ್ತ ಬೇಕು. ವರ್ಷಕ್ಕೆ ಒಟ್ಟು ಎಷ್ಟು ಎಂಬುದು ಒಂದು, ಮೊದಲ ದಿನ ಕೈಯಲ್ಲಿ ಎಷ್ಟು ಇರಬೇಕು ಎಂಬುದು ಇನ್ನೊಂದು. ದೂರವಾಣಿಯಲ್ಲಿ ಇವೆರಡೂ ಬೆರೆತೇ ಬರುತ್ತವೆ. ಆ ಶಾಲೆಯಲ್ಲಿ ಒಂದನೆಯ ತರಗತಿಗೆ ಬೋಧನಾ ಶುಲ್ಕ 32,000 ರೂಪಾಯಿ. ಅದರಲ್ಲಿ 20,000 ಸೇರುವಾಗ, ಉಳಿದ 12,000 ಅಕ್ಟೋಬರಿನಲ್ಲಿ. ಪ್ರವೇಶ ಶುಲ್ಕ 3,000, ಒಮ್ಮೆ ಮಾತ್ರ. ಪುಸ್ತಕ, ನೋಟುಬುಕ್ಕು 4,200. ಸಮವಸ್ತ್ರ ಎರಡು ಜೊತೆಗೆ 2,600. ವಾಹನಕ್ಕೆ ತಿಂಗಳಿಗೆ 900, ಹತ್ತು ತಿಂಗಳು, ಅಂದರೆ 9,000. ಎಲ್ಲ ಕೂಡಿ ಮೊದಲ ವರ್ಷ 50,800. ಆದರೆ ಸೇರುವ ದಿನಕ್ಕೆ ಬೇಕಾದದ್ದು ಮೊದಲ ಕಂತು, ಪ್ರವೇಶ ಶುಲ್ಕ, ಪುಸ್ತಕ ಮತ್ತು ಸಮವಸ್ತ್ರ ಸೇರಿ 29,800. ವಾಹನದ ಹಣ ಜೂನಿನಿಂದ ತಿಂಗಳು ತಿಂಗಳಿಗೆ.

ಈ ಎರಡು ಅಂಕಿಗಳನ್ನು ಬೇರೆ ಬೇರೆಯಾಗಿ ಕಂಡಾಗ ಅಜ್ಜನವರ ಮುಖದ ಗಂಟು ಸಡಿಲವಾಯಿತು. ವರ್ಷದ ಖರ್ಚು ಅವರು ಎಣಿಸಿದ್ದಕ್ಕಿಂತ ಹೆಚ್ಚಾಯಿತೆಂಬುದು ನಿಜ. ಆದರೂ ಮೊದಲ ಹಣ ಏಪ್ರಿಲ್ ಕೊನೆಗೆ ಸಾಕು, ಅಕ್ಟೋಬರಿನ ಕಂತಿಗೆ ಮುಂಗಾರಿನ ಹೆಸರು, ಸೋಯಾ ಬಂದಿರುತ್ತವೆ. ಕಡಲೆಯನ್ನು ಅವಸರದಿಂದ ಮಾರುವ ಕಾರಣವಿಲ್ಲ. "ಒಟ್ಟು ಕೇಳಿದ್ರ ಅಂಜಿಕಿ ಬರತದ, ಯಾವಾಗ ಯಾವಾಗ ಅಂತ ಕೇಳಿದ್ರ ಲೆಕ್ಕ ಬರತದ" ಎಂದು ನಕ್ಕರು. ಒಕ್ಕಲಿಗರ ಮನೆಗಳಿಗೆ ಶುಲ್ಕದ ಮೊತ್ತಕ್ಕಿಂತ ಶುಲ್ಕದ ತಿಂಗಳೇ ಮುಖ್ಯವೆಂಬುದನ್ನು ಪಟ್ಟಣದವರಾದ ನಾವು ಅಂದು ಕಲಿತೆವು.

ಶುಲ್ಕದ ಸಾಲಿನಲ್ಲಿ ಇನ್ನೊಂದು ಅಂಶವಿತ್ತು. ಗುಮಾಸ್ತರು ಮಾತಿನ ನಡುವೆ ದನಿ ತಗ್ಗಿಸಿ "ಅಭಿವೃದ್ಧಿ ನಿಧಿ ಅಂತ ಐದು ಸಾವಿರ ಇರತದ್ರಿ" ಎಂದಿದ್ದರು. ಓದಿ ಹೇಳುವಾಗ ಸೊಸೆ, "ಅದಕ್ಕೂ ಶಾಲೆ ಹೆಸರಿನ ರಸೀದಿ ಕೊಡತೀರಲ್ರಿ?" ಎಂದು ಕೇಳಿದಳು. "ಅದನ್ನ ಆಡಳಿತ ಮಂಡಳಿಯವರನ್ನ ಕೇಳಬೇಕಾಗತದ್ರಿ" ಎಂಬ ಉತ್ತರ ಬಂದಿತು. ಶಾಲೆಯು ಪ್ರಕಟಿಸಿದ ಶುಲ್ಕವನ್ನು ಬಿಟ್ಟು ಪ್ರವೇಶಕ್ಕಾಗಿ ದೇಣಿಗೆ ಪಡೆಯುವುದನ್ನು ಶಿಕ್ಷಣ ಹಕ್ಕು ಕಾಯಿದೆಯ 13ನೆಯ ಪ್ರಕರಣ ನಿಷೇಧಿಸಿದೆ. ಪಡೆದವರಿಗೆ ಪಡೆದ ಹಣದ ಹತ್ತು ಪಟ್ಟಿನವರೆಗೆ ದಂಡವಿದೆ. ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷಿಸಿ ಆರಿಸುವುದನ್ನೂ ಅದೇ ಪ್ರಕರಣ ತಡೆಯುತ್ತದೆ. ಆದರೆ ದೂರವಾಣಿಯಲ್ಲಿ ಕಾಯಿದೆ ಓದಿ ಗುಮಾಸ್ತರೊಡನೆ ಜಗಳವಾಡುವುದು ವ್ಯರ್ಥ. ಅವರು ಹೇಳಿದವರ ಮಾತು ಹೇಳುವವರು. ಆ ಐದು ಸಾವಿರವನ್ನು ನಾವು ಒಟ್ಟು ಮೊತ್ತಕ್ಕೆ ಸೇರಿಸಲಿಲ್ಲ, ಕೈಬಿಡಲೂ ಇಲ್ಲ. ಗೆರೆಯ ಕೆಳಗೆ ಬರೆದೆವು: "ಅಭಿವೃದ್ಧಿ ನಿಧಿ 5,000. ರಸೀದಿಯ ಬಗ್ಗೆ ಉತ್ತರವಿಲ್ಲ. ಮುದ್ರಿತ ಶುಲ್ಕಪಟ್ಟಿ ಕೇಳಬೇಕು."

ದಿನಾಂಕಗಳಲ್ಲಿ ಹೆಚ್ಚು ವಿವರ ಬೇಕಿಲ್ಲ. ಅರ್ಜಿ ಮಾರಾಟ ಮಾರ್ಚ್ 3ರ ಸೋಮವಾರದಿಂದ. ತುಂಬಿದ ಅರ್ಜಿ ಕಚೇರಿ ತಲುಪಬೇಕಾದದ್ದು ಮಾರ್ಚ್ 29ರ ಮಧ್ಯಾಹ್ನ ಒಂದು ಗಂಟೆಯೊಳಗೆ. ಪಟ್ಟಿ ಏಪ್ರಿಲ್ 21ಕ್ಕೆ. ಪಟ್ಟಿಯಲ್ಲಿ ಹೆಸರು ಬಂದ ಏಳು ದಿನಗಳಲ್ಲಿ ಮೊದಲ ಕಂತು. ಏಳು ದಿನವೆಂದರೆ ರಜೆಯ ದಿನಗಳೂ ಸೇರಿಯೋ, ಕಚೇರಿ ತೆರೆದಿರುವ ದಿನಗಳು ಮಾತ್ರವೋ ಎಂದು ಕೇಳುವುದನ್ನು ನಾವೂ ಮರೆತಿದ್ದೆವು. ಅದೂ ಗೆರೆಯ ಕೆಳಗೆ ಹೋಯಿತು. ಉತ್ತರ ಬರುವವರೆಗೆ ಚಿಕ್ಕ ಲೆಕ್ಕವನ್ನೇ ಹಿಡಿದು "28-4-2025" ಎಂದು ಬರೆದೆವು. "ಮುಂದಿನ ಶನಿವಾರ", "ಹಬ್ಬದ ಮುಂದ", "ಒಂದು ವಾರದಾಗ" ಎಂಬ ಯಾವ ಮಾತನ್ನೂ ಚೀಟಿಯಲ್ಲಿ ಹಾಗೆಯೇ ಉಳಿಸಲಿಲ್ಲ. ಗೋಡೆಯ ಪಂಚಾಂಗದಲ್ಲಿ ನೋಡಿ ತಾರೀಖು, ವಾರ ಎರಡನ್ನೂ ಬರೆದೆವು. ವಾರವನ್ನೂ ಬರೆದರೆ ತಾರೀಖಿನ ತಪ್ಪು ತಾನಾಗಿಯೇ ಹೊರಬೀಳುತ್ತದೆ.

ನಮೂನೆಗಳಲ್ಲಿ ಅರ್ಜಿಯ ಬೆಲೆ 200 ರೂಪಾಯಿ. ಜನನ ಪ್ರಮಾಣಪತ್ರದ ನಕಲು, ನೋಡಿ ಮರಳಿಸಲು ಮೂಲ ಪ್ರತಿ; ಮಗುವಿನ ಮತ್ತು ತಂದೆತಾಯಿಗಳ ಆಧಾರ್ ನಕಲು; ನಾಲ್ಕು ಭಾವಚಿತ್ರ; ಚುಚ್ಚುಮದ್ದಿನ ತಾಯಿ ಕಾರ್ಡು; ಹಿಂದಿನ ಶಾಲೆಯ ಪ್ರಗತಿ ಪತ್ರ; ಜಾತಿ ಮತ್ತು ಆದಾಯ ಪ್ರಮಾಣಪತ್ರ. "ಕಾಗದ ಎಲ್ಲಾ" ಎಂದು ತಂದೆ ಹೇಳಿದ್ದ ಎರಡು ಶಬ್ದ ಹೀಗೆ ಆರೇಳು ವಸ್ತುಗಳಾಗಿ ಬಿಚ್ಚಿಕೊಂಡವು. ಒಂದೊಂದರ ಮುಂದೆ ಅದು ಎಲ್ಲಿದೆ, ಯಾರು ತರಬೇಕು ಎಂದು ಬರೆದೆವು. ಮನೆಯಲ್ಲಿ ಇಲ್ಲದಿದ್ದುದು ಕೊನೆಯದೊಂದೇ. ಅದಕ್ಕೆ ನಾಡಕಚೇರಿಗೆ ಹೋಗುವ ಕೆಲಸ ತಂದೆಯ ಪಾಲಿಗೆ ಬಂದಿತು.

ಜಾತಿಯ ಕಾಲಮಿನ ವಿಷಯದಲ್ಲಿ ನಮ್ಮ ವಾಚಕರೊಡನೆ ಸ್ವಲ್ಪ ಬಿಚ್ಚಿ ಮಾತನಾಡಬೇಕು. ಬೀಗರ ಮನೆಯಲ್ಲಿ ಇದರ ಬಗ್ಗೆ ಕೇಳಿದಾಗ ಅಜ್ಜನವರು "ಲಿಂಗಾಯತ" ಎಂದರು, ಮಗ "ವೀರಶೈವ ಲಿಂಗಾಯತ" ಎಂದರು, ಪಕ್ಕದಲ್ಲಿದ್ದ ಅಜ್ಜಿ ಒಳಪಂಗಡದ ಹೆಸರು ಹೇಳಿದರು. ಮೂರೂ ಮನೆಯ ಮಟ್ಟಿಗೆ ಸರಿಯೇ. ಧರ್ಮ, ಸಮಾಜಗಳ ಹೆಸರಿನ ಚರ್ಚೆಗೆ ಈ ಪತ್ರಿಕೆಯಲ್ಲಿ ಬೇರೆ ಪುಟಗಳಿವೆ. ಇಲ್ಲಿ ನಮ್ಮದು ಅರ್ಜಿಯ ಮಾತು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನಮ್ಮ ಸಮಾಜ 3ಬಿ ಯಲ್ಲಿದೆ, ಕೆಲವು ಕಾಯಕ ಪಂಗಡಗಳು 2ಎ ಯಲ್ಲಿವೆ. ತಹಶೀಲ್ದಾರರ ಕಚೇರಿಯವರು ಮುಂದೆ ಪ್ರಮಾಣಪತ್ರ ಕೊಡುವಾಗ ಶಾಲೆಯ ದಾಖಲೆಯನ್ನೂ ತಂದೆಯ ಶಾಲೆಯ ದಾಖಲೆಯನ್ನೂ ನೋಡುತ್ತಾರೆ. ತಂದೆಯದರಲ್ಲಿ ಒಂದು, ಮಗಳದರಲ್ಲಿ ಇನ್ನೊಂದು ಇದ್ದರೆ ಅಲ್ಲಿಂದ ಅಲೆದಾಟ ಆರಂಭ. ಆದುದರಿಂದ ಕಚೇರಿಯಲ್ಲಿ ನಿಂತು ನೆನಪಿನಿಂದ ಬರೆಯಬಾರದು. ತಂದೆಯ ವರ್ಗಾವಣೆ ಪತ್ರವನ್ನು ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೊಂದಿಸಿ ಬರೆಯಬೇಕು. ಮಗುವಿನ ಹೆಸರಿನ ಇಂಗ್ಲಿಷ್ ಅಕ್ಷರಗಳಿಗೂ ಇದೇ ಮಾತು. ಸೊಸೆ ಅರ್ಜಿಯ ನೆರಳುಪ್ರತಿಯ ಮೇಲೆ ಮೊದಲು ಸೀಸದ ಕಡ್ಡಿಯಿಂದ ತುಂಬಿ, ಮಾವನವರಿಗೆ ಓದಿ ಹೇಳಿ, ಅನಂತರ ಮೂಲದ ಮೇಲೆ ಶಾಯಿಯಿಂದ ಬರೆದಳು.

ಎಲ್ಲ ಮುಗಿದ ಮೇಲೆ ಚೀಟಿ ಹೀಗಿತ್ತು:

ಅರ್ಹತೆ: 1ನೇ ತರಗತಿಗೆ 1-6-2025ಕ್ಕೆ 6 ತುಂಬಿರಬೇಕು. ನಮ್ಮ ಮಗು 5 ವರ್ಷ 10 ತಿಂಗಳು 18 ದಿನ. ಸದ್ಯ ಯುಕೆಜಿಗೆ ಅರ್ಜಿ. (ಕಚೇರಿ, 28-2-2025)

ಶುಲ್ಕ, 1ನೇ ತರಗತಿಯಾದರೆ: ಸೇರುವ ದಿನ 29,800. ಅಕ್ಟೋಬರ್ 12,000. ವಾಹನ ತಿಂಗಳಿಗೆ 900. ವರ್ಷಕ್ಕೆ 50,800.

ದಿನಾಂಕ: ಅರ್ಜಿ 3-3 ಸೋಮವಾರದಿಂದ. ಕೊಡುವುದು 29-3 ಶನಿವಾರ 1 ಗಂಟೆಯೊಳಗೆ, ಯುಗಾದಿಗೆ ಮೊದಲು. ಪಟ್ಟಿ 21-4 ಸೋಮವಾರ. ಹಣ 28-4 ಸೋಮವಾರದೊಳಗೆ.

ನಮೂನೆ: ಅರ್ಜಿ 200 ರೂ. (ತಂದೆ). ಜನನ ಪತ್ರ, ತಾಯಿ ಕಾರ್ಡು, ಭಾವಚಿತ್ರ 4, ಪ್ರಗತಿ ಪತ್ರ (ತಾಯಿ). ಆಧಾರ್ ತಿದ್ದುಪಡಿ (ಅಜ್ಜ, ತಾಯಿ). ಜಾತಿ ಆದಾಯ ಪತ್ರ, ನಾಡಕಚೇರಿ (ತಂದೆ).

ಕೇಳಬೇಕಾದದ್ದು: ಯುಕೆಜಿ ಶುಲ್ಕ ಎಷ್ಟು? 5,000ಕ್ಕೆ ರಸೀದಿ? 7 ದಿನದಲ್ಲಿ ರಜೆ ಸೇರಿದೆಯೆ? ವಯಸ್ಸಿನ ನಿಯಮ ಬದಲಾದರೆ?

ಓದುಗರು ಗಮನಿಸಿರಬಹುದು, ಯುಕೆಜಿಯ ಶುಲ್ಕವನ್ನು ಕೇಳುವುದೇ ಮರೆತುಹೋಗಿತ್ತು. ಅರ್ಹತೆ ಬದಲಾದಾಗ ಶುಲ್ಕದ ಸಾಲೂ ಬದಲಾಗಬೇಕೆಂಬುದು ನಮಗೆ ಚೀಟಿ ಬರೆಯುವಾಗ ಹೊಳೆಯಿತೇ ವಿನಾ ಮಾತನಾಡುವಾಗ ಹೊಳೆಯಲಿಲ್ಲ. ಚೀಟಿಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿ, ಮಾರ್ಚ್ 3ರಂದು ಎರಡನೆಯ ಸಲ ಮಾತನಾಡಿ ಸೊಸೆ ಅದನ್ನೂ ಕೇಳಿಕೊಂಡಳು. ಏಳು ದಿನಗಳಲ್ಲಿ ರಜೆಯೂ ಸೇರಿದೆಯೆಂದು ತಿಳಿಯಿತು. ಮಾರ್ಚ್ 27ರಂದು ಅರ್ಜಿ ಕೊಟ್ಟು, ಕೊಟ್ಟುದಕ್ಕೆ ಮೊಹರು ಹಾಕಿದ ಹಿಂಬರಹ ಪಡೆದರು.

ಏಪ್ರಿಲ್ 16ರಂದು ರಾಜ್ಯದ ಶಿಕ್ಷಣ ಸಚಿವರು, 2025-26 ಒಂದೇ ವರ್ಷಕ್ಕೆ ವಯಸ್ಸಿನ ನಿಯಮವನ್ನು ಸಡಿಲಿಸಿ, ಜೂನ್ 1ಕ್ಕೆ ಐದು ವರ್ಷ ಐದು ತಿಂಗಳು ತುಂಬಿದ, ಎಲ್‌ಕೆಜಿ ಯುಕೆಜಿ ಮುಗಿಸಿದ ಮಕ್ಕಳನ್ನು ಒಂದನೆಯ ತರಗತಿಗೆ ಸೇರಿಸಿಕೊಳ್ಳಬಹುದೆಂದು ಪ್ರಕಟಿಸಿದರು. ಚೀಟಿಯ ಕೊನೆಯ ಪ್ರಶ್ನೆ ದಿನವೂ ಕಣ್ಣಿಗೆ ಬೀಳುತ್ತಿದ್ದುದರಿಂದ ಸೊಸೆ ಮರುದಿನ ಬೆಳಿಗ್ಗೆ ಹತ್ತಕ್ಕೇ ದೂರವಾಣಿ ಮಾಡಿದಳು. ಯುಕೆಜಿಯ ಅರ್ಜಿಯನ್ನು ಒಂದನೆಯ ತರಗತಿಗೆ ಬದಲಿಸುವಂತೆ ಒಂದು ಪತ್ರ, ಜೊತೆಗೆ ಹಳೆಯ ಶಾಲೆಯ ಪ್ರಗತಿ ಪತ್ರ ತಂದರೆ ಸಾಕೆಂದರು. ಶುಕ್ರವಾರ ಗುಡ್ ಫ್ರೈಡೆ ರಜೆ, ಶನಿವಾರ ಕಚೇರಿ ಒಂದೇ ಹೊತ್ತು. 19ರ ಶನಿವಾರ ಹನ್ನೊಂದು ಗಂಟೆಗೆ ಪತ್ರ ಮುಟ್ಟಿತು, 21ರ ಪಟ್ಟಿಯಲ್ಲಿ ಹೆಸರು ಬಂದಿತು. ಆ ಸಡಿಲಿಕೆ ಆ ವರ್ಷಕ್ಕೆಂದೇ ಕೊಟ್ಟದ್ದಾದುದರಿಂದ ಬೇರೆ ವರ್ಷ ಮಗುವನ್ನು ಸೇರಿಸುವವರು ಇದನ್ನು ಎಣಿಕೆಗೆ ಹಿಡಿಯದೆ ಆಯಾ ವರ್ಷದ ನಿಯಮವನ್ನು ಕೇಳಿಕೊಳ್ಳತಕ್ಕದ್ದು.

ಅಜ್ಜಿಗೆ ಮಾತ್ರ ಇದರಲ್ಲಿ ಪೂರ್ಣ ಸಮಾಧಾನವಿರಲಿಲ್ಲ. "ಇನ್ನೊಂದು ವರ್ಷ ಆಡಿಕೊಂಡಿದ್ರ ಏನಾಗತಿತ್ತು" ಎಂದು ಈಗಲೂ ಅನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಲು ನಮಗೂ ಮನಸ್ಸಿಲ್ಲ. ಆರು ತುಂಬಿದ ಮೇಲೆ ಕಲಿಯಲೆಂದೇ ಆ ನಿಯಮ ಬಂದದ್ದು. ಆ ನಿರ್ಧಾರ ತಂದೆತಾಯಿಗಳದು.

ಏಪ್ರಿಲ್ 26ರಂದು ಮಗುವಿನ ತಂದೆ 29,800 ರೂಪಾಯಿ ಕಟ್ಟಿ ರಸೀದಿ ಪಡೆದರು. ಅಭಿವೃದ್ಧಿ ನಿಧಿಯ ಮಾತು ಬಂದಾಗ ಮುದ್ರಿತ ಶುಲ್ಕಪಟ್ಟಿಯನ್ನೂ ಅದಕ್ಕೊಂದು ರಸೀದಿಯನ್ನೂ ಕೇಳಿದರು. "ಅದನ್ನ ಆಮೇಲೆ ನೋಡೂಣ್ರಿ" ಎಂದರಂತೆ. ಇದುವರೆಗೆ ಯಾರೂ ಕೇಳಿಲ್ಲ. ಚೀಟಿಯ ಮೇಲೆ ಆ ಸಾಲನ್ನು ಸೊಸೆ ಇನ್ನೂ ಹೊಡೆದುಹಾಕಿಲ್ಲ.